ಪ್ಯಾರಾಮೆಟ್ರಿಕ್ ವ್ಯಾಲ್ಯೂ ಅಟ್ ರಿಸ್ಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿಫಲಗಳು ಗಂಟೆಯಾಕಾರದ ಸಾಮಾನ್ಯ ವಿತರಣೆಯನ್ನು ಅನುಸರಿಸುತ್ತವೆ ಎಂದು ಇಟ್ಟುಕೊಂಡು ಒಂದು ಪೋರ್ಟ್‌ಫೋಲಿಯೊದ ನಷ್ಟದ ಅಂದಾಜು ಹಾಕುವುದು ಹೇಗೆ, ಆ ಅಂದಾಜು ಎಲ್ಲೆಲ್ಲಿ ಕೈಕೊಡುತ್ತದೆ ಎಂಬ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ವ್ಯಾಲ್ಯೂ ಅಟ್ ರಿಸ್ಕ್ ಅನ್ನು ಮಾರುಕಟ್ಟೆಯವರು ಕರೆಯುವಂತೆ ‘ವ್ಯಾರ್’ ಎಂದೇ ಬರೆದಿದ್ದೇವೆ. ಲೆಕ್ಕಕ್ಕೆಲ್ಲ ಒಂದೇ ಪೋರ್ಟ್‌ಫೋಲಿಯೊ ಬಳಸಿದ್ದೇವೆ: 1 ಕೋಟಿ ರೂಪಾಯಿ, ಅದರಲ್ಲಿ 40 ಲಕ್ಷ ಒಂದು ಬ್ಯಾಂಕ್ ಷೇರಿನಲ್ಲಿ, 35 ಲಕ್ಷ ಒಂದು ಐಟಿ ಷೇರಿನಲ್ಲಿ, 25 ಲಕ್ಷ ಚಿನ್ನದ ಇಟಿಎಫ್‌ನಲ್ಲಿ. ಇವುಗಳ ಏರಿಳಿತದ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ನಿಫ್ಟಿಯ ದಿನಾಂಕ ಕೊಟ್ಟು ಹೇಳಿರುವ ಏರಿಳಿತಗಳು ಮಾತ್ರ ನಿಜವಾಗಿ ನಡೆದವು.

## ಶುರುವಿನ ಪ್ರಶ್ನೆಗಳು

ನನ್ನ 1 ಕೋಟಿಗೆ ಒಂದು ದಿನದ ವ್ಯಾರ್ 2.28 ಲಕ್ಷ ಅಂತ ಬಂದಿದೆ. ಅಂದರೆ ಎಷ್ಟೇ ಕೆಟ್ಟ ದಿನ ಬಂದರೂ ಅದಕ್ಕಿಂತ ಜಾಸ್ತಿ ಹೋಗಲ್ಲ ತಾನೆ?

ಹೋಗುತ್ತದೆ. 99% ವಿಶ್ವಾಸ ಮಟ್ಟದ ವ್ಯಾರ್ 2.28 ಲಕ್ಷ ಎಂದರೆ, ನೂರು ದಿನದಲ್ಲಿ ತೊಂಬತ್ತೊಂಬತ್ತು ದಿನ ನಷ್ಟ ಈ ಗೆರೆಯೊಳಗೆ ಇರಬೇಕು, ಉಳಿದ ಒಂದು ದಿನ ಗೆರೆ ದಾಟಬಹುದು ಎಂದರ್ಥ. ವರ್ಷಕ್ಕೆ ಸುಮಾರು 250 ವಹಿವಾಟಿನ ದಿನಗಳಿರುವುದರಿಂದ, ಮಾದರಿ ಸರಿಯಿದ್ದರೂ ವರ್ಷಕ್ಕೆ ಎರಡು ಮೂರು ಸಲ ಗೆರೆ ದಾಟುವುದು ಸಹಜ. ಒಂದು ಸಲವೂ ದಾಟದಿದ್ದರೆ ಗೆರೆಯನ್ನು ತುಂಬಾ ಆಚೆ ಎಳೆದಿರಬಹುದು ಎಂದು ಅನುಮಾನಿಸಬೇಕು.

ದಾಟಿದ ಆ ದಿನ ಎಷ್ಟು ಹೋಗುತ್ತದೆ ಎಂಬುದರ ಬಗ್ಗೆ ವ್ಯಾರ್ ಬಾಯಿ ಬಿಡುವುದಿಲ್ಲ. 2.3 ಲಕ್ಷವೂ ಆಗಬಹುದು, 9 ಲಕ್ಷವೂ ಆಗಬಹುದು. ಹಾಗಾಗಿ ಮಟ್ಟ ಮತ್ತು ಅವಧಿ ಎರಡನ್ನೂ ಹೇಳದೆ ‘ನಮ್ಮ ವ್ಯಾರ್ ಇಷ್ಟು’ ಎಂದರೆ ಆ ಮಾತಿಗೆ ಅರ್ಥವಿಲ್ಲ.

‘ಪ್ಯಾರಾಮೆಟ್ರಿಕ್’ ಅಂತ ಯಾಕೆ ಹೆಸರು? ಬೇರೆ ವಿಧಾನಗಳಿಗಿಂತ ಇದರಲ್ಲಿ ಏನು ಬೇರೆ?

ಇಲ್ಲಿ ಹಳೆಯ ದಿನಗಳ ನಷ್ಟಗಳನ್ನು ಸಾಲಾಗಿ ಜೋಡಿಸಿ ನೋಡುವುದಿಲ್ಲ. ಪ್ರತಿಫಲಗಳ ಆಕಾರ ನಮಗೆ ಗೊತ್ತು, ಅದು ಗಂಟೆಯಾಕಾರ ಎಂದು ಮೊದಲೇ ಒಪ್ಪಿಕೊಳ್ಳುತ್ತೇವೆ. ಆಮೇಲೆ ಬೇಕಾಗುವುದು ಆ ಗಂಟೆಯ ಅಗಲ ಎಷ್ಟು, ಅಂದರೆ ಮಾನಕ ವಿಚಲನೆ ಸಿಗ್ಮಾ ಎಷ್ಟು ಎಂಬುದಷ್ಟೇ. ಹತ್ತಾರು ಷೇರುಗಳಿದ್ದರೆ ಪ್ರತಿಯೊಂದರ ಸಿಗ್ಮಾ, ಜೊತೆಗೆ ಎರಡೆರಡರ ನಡುವಿನ ಸಹಸಂಬಂಧ. ಈ ಪ್ಯಾರಾಮೀಟರ್‌ಗಳು ಸಿಕ್ಕರೆ ಉತ್ತರ ಸೂತ್ರದಿಂದ ನೇರವಾಗಿ ಬರುತ್ತದೆ.

ಜೆ.ಪಿ. ಮಾರ್ಗನ್ ಬ್ಯಾಂಕ್ 1994ರಲ್ಲಿ ರಿಸ್ಕ್‌ಮೆಟ್ರಿಕ್ಸ್ ಎಂಬ ಹೆಸರಿನಲ್ಲಿ ಈ ವಿಧಾನವನ್ನು ಎಲ್ಲರಿಗೂ ತೆರೆದಿಟ್ಟ ಮೇಲೆ ಇದು ಹರಡಿತು. ಆಗಿನ ಕಂಪ್ಯೂಟರುಗಳಲ್ಲೂ ಇಡೀ ಬ್ಯಾಂಕಿನ ಲೆಕ್ಕ ಸಂಜೆಯೊಳಗೆ ಮುಗಿಯುತ್ತಿತ್ತು. ಆ ಅನುಕೂಲಕ್ಕೆ ತೆತ್ತ ಬೆಲೆ ಏನೆಂಬುದು ಕೆಳಗಿನ ಉತ್ತರಗಳಲ್ಲಿದೆ.

ಒಬ್ಬರು 2.326 ಅಂತಾರೆ, ಇನ್ನೊಬ್ಬರು 2.576 ಅಂತಾರೆ. 99%ಗೆ ಯಾವುದು ಸರಿ?

ಷೇರು ಕೊಂಡಿಟ್ಟುಕೊಂಡವರಿಗೆ 2.326. ನಿಮಗೆ ನಷ್ಟವಾಗುವುದು ಬೆಲೆ ಇಳಿದಾಗ ಮಾತ್ರ, ಆದ್ದರಿಂದ ಆ 1% ಪೂರ್ತಿ ಗಂಟೆಯ ಎಡ ತುದಿಯಲ್ಲೇ ಇರಬೇಕು. 2.576 ಎಂಬುದು ಎರಡೂ ತುದಿಗೆ ಅರ್ಧರ್ಧ ಶೇಕಡಾ ಹಂಚಿದಾಗ ಬರುವ ಸಂಖ್ಯೆ. ಸಂಖ್ಯಾಶಾಸ್ತ್ರದ ಪಠ್ಯದಿಂದ ನೇರವಾಗಿ ಎತ್ತಿಕೊಂಡವರು ಇಲ್ಲಿ ಎಡವುತ್ತಾರೆ. 95%ಗೆ ಒಂದು ತುದಿಯ ಸಂಖ್ಯೆ 1.645. ಎಕ್ಸೆಲ್‌ನಲ್ಲಿ `=NORM.S.INV(0.99)` ಹಾಕಿದರೆ ಒಂದು ತುದಿಯದೇ ಬರುತ್ತದೆ. 2.576 ನಿಜವಾಗಿ ಬೇಕಾಗುವ ಸಂದರ್ಭ ಒಂದಿದೆ, ಅದು ಆಪ್ಷನ್ ಪ್ರಶ್ನೆಯಲ್ಲಿ ಬರುತ್ತದೆ.

ಬ್ರೋಕರ್ ಹಿಡಿದಿಡುವ ‘ವ್ಯಾರ್ ಮಾರ್ಜಿನ್’ ಇದೇನಾ?

ಬೇರು ಒಂದೇ, ಆದರೆ ಸಂಖ್ಯೆ ಬೇರೆ. ಭಾರತದಲ್ಲಿ ಸೂಚ್ಯಂಕ ಫ್ಯೂಚರ್ಸ್ ಬರುವ ಮುನ್ನ, 1998ರಲ್ಲಿ, ಪ್ರೊ. ಜೆ.ಆರ್. ವರ್ಮಾ ಸಮಿತಿ ಮಾರ್ಜಿನ್ ಲೆಕ್ಕಕ್ಕೆ ರಿಸ್ಕ್‌ಮೆಟ್ರಿಕ್ಸ್ ಮಾದರಿಯ ಸಿಗ್ಮಾವನ್ನೇ ಶಿಫಾರಸು ಮಾಡಿತು. ಆದರೆ 99%ಗೆ ಗಂಟೆಯಾಕಾರ ಹೇಳುವ ಗುಣಕ ಸಾಲದೆಂದು 3 ಸಿಗ್ಮಾ ಇಟ್ಟಿತು. ಬಿಡಿ ಷೇರುಗಳಿಗೆ ಇದರ ಮೇಲೆ ಕನಿಷ್ಠ ದರಗಳೂ ಇವೆ. ಹಾಗಾಗಿ ನಿಮ್ಮ ಲೆಕ್ಕಕ್ಕೂ ಬ್ರೋಕರ್ ತೋರಿಸುವ ಮೊತ್ತಕ್ಕೂ ತಾಳೆ ಬರದಿದ್ದರೆ ಗಾಬರಿ ಬೇಡ.

## ಲೆಕ್ಕ ಹಾಕುವಾಗ ಬರುವ ಪ್ರಶ್ನೆಗಳು

ಮೂರು ಹೂಡಿಕೆ ಇದೆ. ಮೊದಲಿಂದ ಕೊನೆಯವರೆಗೆ ಹೇಗೆ ಲೆಕ್ಕ ಹಾಕೋದು, ಒಂದು ಸಲ ಮಾಡಿ ತೋರಿಸಿ.

ಪ್ರತಿ ಹೂಡಿಕೆಯ ದಿನದ ಸಿಗ್ಮಾವನ್ನು ಮೊದಲು ರೂಪಾಯಿಗೆ ತಿರುಗಿಸಿಕೊಳ್ಳಿ. ಶೇಕಡಾದಲ್ಲೇ ಓಡಾಡಿದರೆ ತೂಕಗಳನ್ನು ಮರೆಯುವ ತಪ್ಪು ಆಗುತ್ತದೆ. ಬ್ಯಾಂಕ್ ಷೇರಿನ ಸಿಗ್ಮಾ 1.5% ಎಂದರೆ 40 ಲಕ್ಷಕ್ಕೆ 60,000 ರೂಪಾಯಿ. ಐಟಿ ಷೇರಿನದು 1.6%, 35 ಲಕ್ಷಕ್ಕೆ 56,000. ಚಿನ್ನದ್ದು 0.8%, 25 ಲಕ್ಷಕ್ಕೆ 20,000. ಬ್ಯಾಂಕ್ ಮತ್ತು ಐಟಿ ನಡುವೆ ಸಹಸಂಬಂಧ 0.4, ಬ್ಯಾಂಕ್ ಮತ್ತು ಚಿನ್ನದ ನಡುವೆ −0.1, ಐಟಿ ಮತ್ತು ಚಿನ್ನದ ನಡುವೆ ಸೊನ್ನೆ ಎಂದಿರಲಿ.

ಈಗ ಸಾವಿರ ರೂಪಾಯಿಯ ಲೆಕ್ಕದಲ್ಲಿ ವರ್ಗಗಳನ್ನು ಕೂಡಿಸಿ: 3,600 + 3,136 + 400 = 7,136. ಇದಕ್ಕೆ ಜೋಡಿಗಳ ಪಾಲು ಸೇರಬೇಕು. ಬ್ಯಾಂಕ್–ಐಟಿ ಜೋಡಿಗೆ 2 × 0.4 × 60 × 56 = 2,688. ಬ್ಯಾಂಕ್–ಚಿನ್ನಕ್ಕೆ 2 × (−0.1) × 60 × 20 = −240. ಒಟ್ಟು 9,584. ಇದರ ವರ್ಗಮೂಲ 97.9, ಅಂದರೆ ಇಡೀ ಪೋರ್ಟ್‌ಫೋಲಿಯೊದ ಒಂದು ದಿನದ ಸಿಗ್ಮಾ ಸುಮಾರು 97,900 ರೂಪಾಯಿ. 2.326ರಿಂದ ಗುಣಿಸಿದರೆ 99% ವ್ಯಾರ್ ಸುಮಾರು 2.28 ಲಕ್ಷ, 1.645ರಿಂದ ಗುಣಿಸಿದರೆ 95% ವ್ಯಾರ್ ಸುಮಾರು 1.61 ಲಕ್ಷ.

ಮೂರರ ವ್ಯಾರ್ ಅನ್ನು ಬೇರೆ ಬೇರೆ ಹಾಕಿ ಕೂಡಿಸಿದ್ದರೆ 3.16 ಲಕ್ಷ ಆಗುತ್ತಿತ್ತು. ನಡುವಿನ 89 ಸಾವಿರ, ಮೂರೂ ಒಂದೇ ದಿನ ಒಟ್ಟಿಗೆ ಬೀಳುವುದಿಲ್ಲ ಎಂಬ ನಂಬಿಕೆಯಿಂದ ಬಂದ ರಿಯಾಯಿತಿ. ಪೈಥಾನ್‌ನಲ್ಲಿ ಇಷ್ಟೇ ಸಾಕು:

```python
import numpy as np
v = np.array([40e5, 35e5, 25e5])
s = np.array([0.015, 0.016, 0.008])
R = np.array([[1, 0.4, -0.1], [0.4, 1, 0], [-0.1, 0, 1]])
C = np.outer(s, s) * R
sp = np.sqrt(v @ C @ v)
print(2.326 * sp)
print(2.326 * v * (C @ v) / sp)
```

ಕೊನೆಯ ಸಾಲು ಮುಂದಿನ ಪ್ರಶ್ನೆಗೆ ಉತ್ತರ.

ಅಪಾಯ ಕಮ್ಮಿ ಮಾಡಬೇಕು ಅಂದರೆ ಯಾವುದನ್ನು ಮಾರಬೇಕು ಅಂತ ವ್ಯಾರ್ ಹೇಳುತ್ತಾ?

ಹೇಳುತ್ತದೆ, ಮತ್ತು ಈ ವಿಧಾನದ ನಿಜವಾದ ಉಪಯೋಗ ಇದರಲ್ಲೇ ಇದೆ ಎಂಬುದು ನಮ್ಮ ಅಭಿಪ್ರಾಯ. ಮೇಲಿನ 9,584ರಲ್ಲಿ ಯಾರ ಪಾಲು ಎಷ್ಟು ಎಂದು ಬಿಡಿಸಿ ನೋಡಿ. ಬ್ಯಾಂಕ್ ಷೇರಿನದು ತನ್ನದೇ 3,600, ಐಟಿಯೊಡನೆ ಹಂಚಿಕೊಂಡದ್ದರಲ್ಲಿ ಅರ್ಧ 1,344, ಚಿನ್ನದಿಂದ ಕಳೆದದ್ದು 120: ಒಟ್ಟು 4,824. ಐಟಿಯದು 4,480. ಚಿನ್ನದ್ದು 400ರಲ್ಲಿ 120 ಕಳೆದು 280.

ರೂಪಾಯಿಯಲ್ಲಿ ಹೇಳುವುದಾದರೆ 2.28 ಲಕ್ಷದಲ್ಲಿ ಬ್ಯಾಂಕ್ ಷೇರು ಸುಮಾರು 1.15 ಲಕ್ಷ, ಐಟಿ 1.06 ಲಕ್ಷ, ಚಿನ್ನ ಬರೀ 6,650. ಹಣದಲ್ಲಿ ಕಾಲು ಭಾಗ ಇರುವ ಚಿನ್ನ ಅಪಾಯದಲ್ಲಿ ನೂರಕ್ಕೆ ಮೂರು. ಚಿನ್ನ ಮಾರಿ ‘ಅಪಾಯ ಇಳಿಸಿದೆವು’ ಎನ್ನುವವರು ಈ ಸಾಲನ್ನು ಒಮ್ಮೆ ಓಡಿಸಿ ನೋಡಬೇಕು. ಈ ಪಾಲುಗಳು ಸಣ್ಣ ಬದಲಾವಣೆಗೆ ಮಾತ್ರ ನಿಖರ. ಅರ್ಧ ಹೂಡಿಕೆಯನ್ನೇ ಮಾರುವುದಾದರೆ ಇಡೀ ಲೆಕ್ಕವನ್ನು ಹೊಸದಾಗಿ ಹಾಕಿ.

ಷೇರು ಸರಾಸರಿ ಲಾಭ ಕೊಡುತ್ತಲ್ಲ, ಅದನ್ನು ಯಾಕೆ ಸೂತ್ರದಲ್ಲಿ ಬಿಟ್ಟಿದ್ದೀರಿ?

ಒಂದು ದಿನದ ಮಟ್ಟಿಗೆ ಅದು ಲೆಕ್ಕಕ್ಕೆ ಬರುವಷ್ಟಿಲ್ಲ. ವರ್ಷಕ್ಕೆ 12% ಎಂದರೂ ದಿನಕ್ಕೆ 1 ಕೋಟಿಯ ಮೇಲೆ ಸುಮಾರು 4,800 ರೂಪಾಯಿ. ಆ ಸರಾಸರಿಯನ್ನು ಒಂದು ವರ್ಷದ ಅಂಕಿಗಳಿಂದ ಅಂದಾಜಿಸಿದರೆ ಬರುವ ದೋಷವೇ ದಿನಕ್ಕೆ 6,000 ರೂಪಾಯಿಗೂ ಹೆಚ್ಚು. ಸರಾಸರಿಯನ್ನು ಸೊನ್ನೆ ಎಂದಿಡುವುದೇ ಹೆಚ್ಚು ಪ್ರಾಮಾಣಿಕ.

10 ದಿನದ ವ್ಯಾರ್ ಬೇಕು ಅಂದರೆ 10ರಿಂದ ಗುಣಿಸಲಾ, √10ರಿಂದಲಾ?

√10ರಿಂದ, ಅಂದರೆ 3.162ರಿಂದ. ನಮ್ಮ 2.28 ಲಕ್ಷ ಆಗ 7.2 ಲಕ್ಷ ಆಗುತ್ತದೆ. ಒಂದು ದಿನದ ಏರಿಳಿತಕ್ಕೂ ಮರುದಿನದ್ದಕ್ಕೂ ಸಂಬಂಧವಿಲ್ಲ, ಸಿಗ್ಮಾ ಹತ್ತೂ ದಿನ ಒಂದೇ ಸಮ ಇರುತ್ತದೆ ಎಂಬ ಎರಡು ಷರತ್ತಿನ ಮೇಲೆ ಮಾತ್ರ ಇದು ಸರಿ.

ಮೊದಲ ಷರತ್ತು ಮುರಿಯುವುದು ವಹಿವಾಟು ಕಡಿಮೆ ಇರುವ ಸಣ್ಣ ಕಂಪನಿಗಳ ಷೇರಿನಲ್ಲಿ. ಇವತ್ತಿನ ಸುದ್ದಿಗೆ ಅರ್ಧ ಇವತ್ತು, ಅರ್ಧ ನಾಳೆ ಇಳಿಯುವುದರಿಂದ ಒಂದು ದಿನದ ಸಿಗ್ಮಾ ಸುಳ್ಳು ಸುಳ್ಳೇ ಕಡಿಮೆ ಕಾಣುತ್ತದೆ. ಒಂದು ದಿನದಿಂದ ಮರುದಿನಕ್ಕೆ 0.1ರಷ್ಟು ಸಹಸಂಬಂಧ ಇದ್ದರೂ 10 ದಿನದ ಸಂಖ್ಯೆ 9% ಕಮ್ಮಿ ಬಂದಿರುತ್ತದೆ. ಎರಡನೆಯದು ಎರಡೂ ಕಡೆ ಮುರಿಯುತ್ತದೆ: ಗದ್ದಲದ ದಿನ √10 ಹಾಕಿದರೆ ಸಂಖ್ಯೆ ಅತಿಯಾಗಬಹುದು, ಶಾಂತ ದಿನ ಹಾಕಿದರೆ ಕಮ್ಮಿಯಾಗಬಹುದು.

ವರ್ಗಮೂಲದ ಒಳಗೆ ಋಣ ಸಂಖ್ಯೆ ಬರ್ತಿದೆ. ಎಲ್ಲಿ ತಪ್ಪಿದೆ?

ಸೂತ್ರದಲ್ಲಿ ತಪ್ಪಿಲ್ಲದಿದ್ದರೆ ಸಹಸಂಬಂಧಗಳಲ್ಲಿದೆ. ಒಂದು ಜೋಡಿಗೆ ಒಂದು ವರ್ಷದ ಅಂಕಿ, ಇನ್ನೊಂದಕ್ಕೆ ಆರು ತಿಂಗಳದ್ದು, ಮೂರನೆಯದಕ್ಕೆ ಕೈಯಿಂದ ತಿದ್ದಿದ್ದು, ಹೀಗೆ ಬೆರೆಸಿದಾಗ ಪರಸ್ಪರ ಹೊಂದದ ಪಟ್ಟಿ ತಯಾರಾಗುತ್ತದೆ. ಒಂದನೆಯದಕ್ಕೂ ಎರಡನೆಯದಕ್ಕೂ 0.9, ಎರಡಕ್ಕೂ ಮೂರಕ್ಕೂ 0.9 ಇದ್ದ ಮೇಲೆ ಒಂದಕ್ಕೂ ಮೂರಕ್ಕೂ −0.5 ಇರಲು ಸಾಧ್ಯವೇ ಇಲ್ಲ. ಒಂದು, ಮೂರನ್ನು ಕೊಂಡು ಎರಡನ್ನು ಮಾರಿದವರಿಗೆ ಈ ಪಟ್ಟಿ ಋಣ ವೇರಿಯನ್ಸ್, ಅಂದರೆ ಸೊನ್ನೆಗಿಂತ ಕಮ್ಮಿಯ ಸಿಗ್ಮಾ ವರ್ಗ, ಕೊಡುತ್ತದೆ. ಎಲ್ಲವನ್ನೂ ಕೊಂಡವರಿಗೆ ತಪ್ಪು ಕಾಣಿಸದೆ ಒಳಗೇ ಕೂತಿರುತ್ತದೆ, ಅದು ಇನ್ನೂ ಕೆಟ್ಟದ್ದು. `np.linalg.eigvalsh(R)` ಓಡಿಸಿ, ಒಂದಾದರೂ ಸಂಖ್ಯೆ ಸೊನ್ನೆಗಿಂತ ಕೆಳಗಿದ್ದರೆ ಎಲ್ಲ ಜೋಡಿಗಳನ್ನೂ ಒಂದೇ ಅವಧಿಯ, ಒಂದೇ ದಿನಗಳ ಅಂಕಿಯಿಂದ ಮತ್ತೆ ಲೆಕ್ಕ ಹಾಕಿ.

## ಸಿಗ್ಮಾ ಬಗ್ಗೆ

ಸಿಗ್ಮಾಗೆ ಎಷ್ಟು ದಿನದ ಅಂಕಿ ತಗೋಬೇಕು? 250 ದಿನ ಸಾಕಾ, ಇಲ್ಲ 0.94 ವಿಧಾನ ಬೇಕಾ?

ವ್ಯಾರ್ ತಪ್ಪುವುದಕ್ಕೆ ಎಲ್ಲರೂ ಗಂಟೆಯಾಕಾರವನ್ನು ಬೈಯುತ್ತಾರೆ. ನಮ್ಮ ಪ್ರಕಾರ ಹೆಚ್ಚು ಸಲ ತಪ್ಪಿತಸ್ಥ ಹಳಸಿದ ಸಿಗ್ಮಾ. 250 ದಿನಗಳಿಗೂ ಸಮಾನ ತೂಕ ಕೊಟ್ಟರೆ ನಿನ್ನೆಯ ಕುಸಿತಕ್ಕೂ ಕಳೆದ ವರ್ಷದ ಯಾವುದೋ ಮಂಗಳವಾರಕ್ಕೂ ಒಂದೇ ಬೆಲೆ. ರಿಸ್ಕ್‌ಮೆಟ್ರಿಕ್ಸ್ ವಿಧಾನದಲ್ಲಿ ನಿನ್ನೆಯವರೆಗಿನ ವೇರಿಯನ್ಸ್‌ಗೆ 0.94 ತೂಕ, ಇವತ್ತಿನ ಪ್ರತಿಫಲದ ವರ್ಗಕ್ಕೆ 0.06:

```
σ²(ನಾಳೆ) = 0.94 × σ²(ಇವತ್ತು) + 0.06 × r²(ಇವತ್ತು)
```

ಯಾವುದೇ ದಿನದ ತೂಕ ಸುಮಾರು 11 ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ.

2024ರ ಲೋಕಸಭಾ ಚುನಾವಣೆಯ ಮತ ಎಣಿಕೆಯ ವಾರ ನೋಡಿ. ಮತಗಟ್ಟೆ ಸಮೀಕ್ಷೆಗಳ ನಂತರ ಜೂನ್ 3ರಂದು ನಿಫ್ಟಿ 3.25% ಏರಿತು, ಎಣಿಕೆಯ ದಿನ ಜೂನ್ 4ರಂದು 5.93% ಬಿತ್ತು. ಅದಕ್ಕೆ ಮುಂಚೆ ಎರಡೂ ವಿಧಾನಗಳಲ್ಲಿ ಸಿಗ್ಮಾ 0.8% ಇತ್ತೆಂದು ಇಟ್ಟುಕೊಳ್ಳೋಣ. 250 ದಿನದ ವಿಧಾನದಲ್ಲಿ ಜೂನ್ 3ರ ಸಂಜೆಗೆ ಸಿಗ್ಮಾ 0.82%, 99% ವ್ಯಾರ್ 1.9%. ಮರುದಿನದ ನಷ್ಟ ಅದರ ಮೂರು ಪಟ್ಟು. ಅಷ್ಟಾದ ಮೇಲೂ ಜೂನ್ 4ರ ಸಂಜೆ ಈ ವಿಧಾನ ಹೇಳುವ ವ್ಯಾರ್ 2.1%, ಏನೂ ಆಗಿಯೇ ಇಲ್ಲ ಎಂಬಂತೆ! 0.94 ವಿಧಾನದಲ್ಲಿ ಜೂನ್ 3ರ ಏರಿಕೆಯಿಂದಲೇ ಸಿಗ್ಮಾ 1.11%ಗೆ, ವ್ಯಾರ್ 2.6%ಗೆ ಹೋಗಿರುತ್ತದೆ; ಜೂನ್ 4ರ ಸಂಜೆಗೆ ಸಿಗ್ಮಾ 1.81%, ವ್ಯಾರ್ 4.2%.

ಜೂನ್ 4ರ ಪೆಟ್ಟನ್ನು ಎರಡೂ ತಪ್ಪಿಸಲಿಲ್ಲ ಎಂಬುದನ್ನು ಗಮನಿಸಿ. ಎಣಿಕೆ ಯಾವತ್ತು ಎಂದು ಇಡೀ ದೇಶಕ್ಕೆ ಗೊತ್ತಿತ್ತು, ಆಪ್ಷನ್ ಬೆಲೆಗಳಿಂದ ಲೆಕ್ಕ ಹಾಕುವ ಇಂಡಿಯಾ ವಿಐಎಕ್ಸ್ ಅದಕ್ಕೆ ಮುಂಚಿನ ವಾರಗಳಲ್ಲೇ ಏರಿತ್ತು. ಹಿಂದಿನ ಬೆಲೆಗಳನ್ನಷ್ಟೇ ನೋಡುವ ಸಿಗ್ಮಾಗೆ ಕ್ಯಾಲೆಂಡರ್ ಗೊತ್ತಿಲ್ಲ. ಚುನಾವಣೆ, ಬಜೆಟ್, ಕಂಪನಿಯ ಫಲಿತಾಂಶದ ದಿನಗಳಿಗೆ ಸಿಗ್ಮಾವನ್ನು ಆಪ್ಷನ್ ಬೆಲೆಯಿಂದ ತೆಗೆಯಿರಿ, ಇಲ್ಲವೇ ಕೈಯಾರೆ ಏರಿಸಿ.

ಒಂದು ಷೇರಿನ ವ್ಯಾರ್ ಇದ್ದಕ್ಕಿದ್ದಂತೆ ಎರಡು ಪಟ್ಟು ಆಯಿತು, ಮಾರುಕಟ್ಟೆಯಲ್ಲಿ ಏನೂ ಆಗಿಲ್ಲ. ಯಾಕೆ?

ಬೋನಸ್ ಷೇರು ಅಥವಾ ಮುಖಬೆಲೆ ವಿಭಜನೆ ಆಗಿದೆಯಾ ನೋಡಿ. ಒಂದಕ್ಕೊಂದು ಬೋನಸ್ ಕೊಟ್ಟ ದಿನ ಬೆಲೆ ಅರ್ಧವಾಗುತ್ತದೆ. ಹಳೆಯ ಬೆಲೆಗಳನ್ನು ಸರಿಹೊಂದಿಸದಿದ್ದರೆ ಅಂಕಿಯಲ್ಲಿ −50% ಎಂಬ ಒಂದು ದಿನ ಸೇರಿಕೊಂಡು, 1.5% ಇದ್ದ 250 ದಿನದ ಸಿಗ್ಮಾ 3.5%ಗೆ ಜಿಗಿಯುತ್ತದೆ. ಸರಿಯಾಗಿ 250 ವಹಿವಾಟಿನ ದಿನ ಹಾಗೇ ಇದ್ದು, ಆ ದಿನ ಕಿಟಕಿಯಿಂದ ಆಚೆ ಹೋದ ಕೂಡಲೇ ಧಪ್ಪೆಂದು ಇಳಿದರೆ ಇದೇ ಕಾರಣ ಎಂದು ಖಚಿತ.

2020ರ ಮಾರ್ಚ್ 23ರಂದು ನಿಫ್ಟಿ 13% ಬಿತ್ತಲ್ಲ, ಅದು 13 ಸಿಗ್ಮಾ ಘಟನೆಯಂತೆ. ಅಂದಮೇಲೆ ಗಂಟೆಯಾಕಾರ ಪೂರ್ತಿ ಸುಳ್ಳಲ್ವಾ?

13 ಸಿಗ್ಮಾ ಎಂಬುದು ದಿನದ ಸಿಗ್ಮಾ 1% ಎಂದು ಇಟ್ಟುಕೊಂಡವರ ಮಾತು. ಗಂಟೆಯಾಕಾರದ ಪ್ರಕಾರ ಅಂಥ ದಿನ ವಿಶ್ವದ ವಯಸ್ಸನ್ನು ಎಷ್ಟು ಸಲ ಮಗುಚಿ ಹಾಕಿದರೂ ಬರಬಾರದು. ಆದರೆ ಆ ಸೋಮವಾರ ಬೆಳಿಗ್ಗೆ ಯಾರೂ 1% ಎಂದು ನಂಬಿಕೊಂಡಿರಬೇಕಾಗಿರಲಿಲ್ಲ. ಮಾರ್ಚ್ 12ರಂದು ನಿಫ್ಟಿ 8.3% ಬಿದ್ದಿತ್ತು, 16ರಂದು 7.6%. ಆ ದಿನಗಳ ಪ್ರತಿಫಲಗಳನ್ನು 0.94 ಸೂತ್ರಕ್ಕೆ ಹಾಕುತ್ತಾ ಬಂದರೆ 20ರ ಶುಕ್ರವಾರದ ಸಂಜೆಗೆ ಸಿಗ್ಮಾ ಸುಮಾರು 3.5% ಆಗಿರುತ್ತದೆ. 12.98%ರ ಕುಸಿತವನ್ನು ಅದರಿಂದ ಭಾಗಿಸಿದರೆ 3.7 ಸಿಗ್ಮಾ. ಗಂಟೆಯಾಕಾರದಲ್ಲಿ ಅದು ಸುಮಾರು 38 ವರ್ಷಕ್ಕೊಂದು ದಿನ. ಅಪರೂಪವೇ, ಆದರೆ ಅಸಂಭವವಲ್ಲ.

ಅಂದರೆ ಎರಡು ಕಾಯಿಲೆಗಳಿವೆ. ಸಿಗ್ಮಾ ದಿನದಿಂದ ದಿನಕ್ಕೆ ಬದಲಾಗುವುದು ಒಂದು. ಅದನ್ನು ಸರಿಪಡಿಸಿದ ಮೇಲೂ ತುದಿಗಳು ದಪ್ಪವಾಗಿ ಉಳಿಯುವುದು ಇನ್ನೊಂದು. ಮೊದಲನೆಯದಕ್ಕೆ ಔಷಧ ಇದೆ, ಆ ಭಾಗವೇ ದೊಡ್ಡದು.

## ವಿಧಾನ ಎಲ್ಲಿ ಮುರಿಯುತ್ತದೆ

ನಿಜವಾದ ಪ್ರತಿಫಲಗಳ ತುದಿ ದಪ್ಪ ಅಂತೀರಿ. ಹಾಗಾದರೆ ಈ ವ್ಯಾರ್ ಯಾವಾಗಲೂ ಕಮ್ಮಿನೇ ತೋರಿಸುತ್ತಾ?

ಇಲ್ಲ, ಇಲ್ಲಿ ಅನೇಕರು ಬೇಸ್ತು ಬೀಳುತ್ತಾರೆ. ಅದೇ ಸಿಗ್ಮಾ ಇಟ್ಟುಕೊಂಡು ಗಂಟೆಯ ಬದಲು ದಪ್ಪ ತುದಿಯ ಸ್ಟೂಡೆಂಟ್ ಟಿ ವಿತರಣೆಯನ್ನು (4 ಸ್ವಾತಂತ್ರ್ಯ ಅಂಶಗಳದ್ದು) ಹಾಕಿ ನೋಡಿ. 95%ಗೆ ಗುಣಕ 1.645ರ ಬದಲು 1.51, ಅಂದರೆ ಕಮ್ಮಿ! 99%ಗೆ 2.326ರ ಬದಲು 2.65. 99.9%ಗೆ 3.09ರ ಬದಲು 5.07. ಒಟ್ಟು ಅಗಲ ಒಂದೇ ಇದ್ದು ತುದಿ ದಪ್ಪವಾಗಬೇಕೆಂದರೆ ನಡುಭಾಗ ಚೂಪಾಗಬೇಕು, ಆಗ ಭುಜಗಳು ಸೊರಗುತ್ತವೆ. 95%ರ ಗೆರೆ ಬೀಳುವುದು ಆ ಭುಜದ ಮೇಲೆ.

ಇದರ ಪರಿಣಾಮ ಏನೆಂದರೆ, 95% ವ್ಯಾರ್ ಅನ್ನು ಪರೀಕ್ಷಿಸಿ ‘ನಮ್ಮ ಮಾದರಿ ಪಾಸಾಯಿತು’ ಎಂದವರು ಅದೇ ಸಿಗ್ಮಾವನ್ನು 99.9%ಗೆ ಹಿಗ್ಗಿಸಿದರೆ ಮುಗ್ಗರಿಸುತ್ತಾರೆ. ನಮ್ಮ ಪೋರ್ಟ್‌ಫೋಲಿಯೊದಲ್ಲಿ 99.9% ವ್ಯಾರ್ ಗಂಟೆಯ ಪ್ರಕಾರ 3 ಲಕ್ಷ, ದಪ್ಪ ತುದಿಯ ಪ್ರಕಾರ 5 ಲಕ್ಷ.

ಕುಸಿತದ ದಿನ ಎಲ್ಲ ಷೇರೂ ಒಟ್ಟಿಗೆ ಬೀಳುತ್ತೆ. ಸಹಸಂಬಂಧ ಬದಲಾಗೋದೇ ದೊಡ್ಡ ಅಪಾಯ ಅಲ್ವಾ?

ಅಪಾಯ ಹೌದು, ದೊಡ್ಡದು ಹೌದೋ ಅಲ್ಲವೋ ಲೆಕ್ಕ ಹಾಕಿ ನೋಡೋಣ. ಬ್ಯಾಂಕ್–ಐಟಿ ಸಹಸಂಬಂಧ 0.4ರಿಂದ 0.8ಕ್ಕೆ ಏರಲಿ, ಚಿನ್ನವೂ ಎರಡರ ಜೊತೆ 0.3ರಷ್ಟು ಸೇರಿಕೊಳ್ಳಲಿ. ಸಿಗ್ಮಾಗಳು ಹಾಗೇ ಇದ್ದರೆ ವ್ಯಾರ್ 2.28 ಲಕ್ಷದಿಂದ 2.74 ಲಕ್ಷ ಆಗುತ್ತದೆ, ಸುಮಾರು 20% ಹೆಚ್ಚು. ಸಹಸಂಬಂಧ ಮುಟ್ಟದೆ ಸಿಗ್ಮಾಗಳನ್ನಷ್ಟೇ ಎರಡು ಪಟ್ಟು ಮಾಡಿದರೆ 4.55 ಲಕ್ಷ. ಎರಡನ್ನೂ ಮಾಡಿದರೆ 5.49 ಲಕ್ಷ. ಬರೀ ಕೊಂಡಿಟ್ಟುಕೊಂಡ ಪೋರ್ಟ್‌ಫೋಲಿಯೊದಲ್ಲಿ ಪೆಟ್ಟಿನ ಬಹುಪಾಲು ಸಿಗ್ಮಾದಿಂದಲೇ.

ಒಂದನ್ನು ಕೊಂಡು ಅದರ ಜೋಡಿಯನ್ನು ಮಾರಿದವರ ಕಥೆ ಬೇರೆ. 50 ಲಕ್ಷದ ಒಂದು ಬ್ಯಾಂಕ್ ಷೇರು ಕೊಂಡು ಇನ್ನೊಂದು ಬ್ಯಾಂಕ್ ಷೇರನ್ನು ಅಷ್ಟೇ ಮಾರಿದ್ದೀರಿ, ಎರಡರ ಸಿಗ್ಮಾವೂ 1.5%, ಸಹಸಂಬಂಧ 0.95 ಎನ್ನಿ. 99% ವ್ಯಾರ್ ಸುಮಾರು 55 ಸಾವಿರ. ಸಹಸಂಬಂಧ 0.95ರಿಂದ 0.6ಕ್ಕೆ ಇಳಿದರೆ ಅದೇ 1.56 ಲಕ್ಷ, ಹತ್ತಿರ ಹತ್ತಿರ ಮೂರು ಪಟ್ಟು. ಇಲ್ಲಿ ಭಯ ಸಹಸಂಬಂಧ ಏರುವುದರದಲ್ಲ, ಇಳಿಯುವುದರದು. ನಿಮ್ಮದು ಯಾವ ಬಗೆಯ ಪೋರ್ಟ್‌ಫೋಲಿಯೊ ಎಂದು ನೋಡದೆ ಎಲ್ಲ ಸಹಸಂಬಂಧವನ್ನೂ 1 ಎಂದಿಟ್ಟು ‘ಒತ್ತಡ ಪರೀಕ್ಷೆ’ ಮಾಡಿದರೆ, ಇಂಥ ಜೋಡಿಗೆ ಅಪಾಯ ಸೊನ್ನೆ ಎಂಬ ವಿಚಿತ್ರ ಉತ್ತರ ಬರುತ್ತದೆ.

ನಿಫ್ಟಿ ಸ್ಟ್ರಾಡಲ್ ಮಾರಿದ್ದೀನಿ, ಡೆಲ್ಟಾ ಸೊನ್ನೆ. ವ್ಯಾರ್ ಸೊನ್ನೆ ಬರ್ತಿದೆ. ನಂಬಬಹುದಾ?

ಖಂಡಿತ ಬೇಡ. ಈ ವಿಧಾನ ಅತಿ ಕೆಟ್ಟದಾಗಿ ಮುರಿಯುವುದು ಇಲ್ಲೇ, ಅದಕ್ಕೆ ದಪ್ಪ ತುದಿಯೂ ಬೇಕಿಲ್ಲ; ನಿಫ್ಟಿ ನೂರಕ್ಕೆ ನೂರು ಗಂಟೆಯಾಕಾರದಲ್ಲೇ ಓಡಾಡಿದರೂ ಮುರಿಯುತ್ತದೆ. ನಿಫ್ಟಿ ಒಂದು ಪಾಯಿಂಟ್ ಕದಲಿದರೆ ಆಪ್ಷನ್ ಬೆಲೆ ಎಷ್ಟು ಕದಲುತ್ತದೆ ಎಂಬುದೇ ಡೆಲ್ಟಾ. ಪ್ಯಾರಾಮೆಟ್ರಿಕ್ ವ್ಯಾರ್ ಆಪ್ಷನ್ ಒಂದನ್ನು ಅದರ ಡೆಲ್ಟಾದಷ್ಟು ನಿಫ್ಟಿ ಎಂದು ಪರಿಗಣಿಸುತ್ತದೆ, ಅಂದರೆ ಬಾಗಿದ ರೇಖೆಯನ್ನು ನೇರ ಎಂದು ನೋಡುತ್ತದೆ. ಕಾಲ್ ಮತ್ತು ಪುಟ್ ಎರಡನ್ನೂ ಮಾರಿದಾಗ ಡೆಲ್ಟಾಗಳು ಒಂದನ್ನೊಂದು ಹೊಡೆದುಹಾಕಿ, ನಿಮ್ಮ ಬಳಿ ಏನೂ ಇಲ್ಲ ಎಂದೇ ಅದಕ್ಕೆ ಕಾಣುತ್ತದೆ.

ನಿಫ್ಟಿ 24,000, ದಿನದ ಸಿಗ್ಮಾ 0.8%, ಅವಧಿ ಮುಗಿಯಲು 5 ವಹಿವಾಟಿನ ದಿನ ಎನ್ನಿ. 24,000ದ ಸ್ಟ್ರಾಡಲ್ ಬೆಲೆ ಸುಮಾರು 343 ಪಾಯಿಂಟ್. ಯಾವ ಕಡೆ ಹೋದರೂ ನಿಮಗೆ ನಷ್ಟವಾದ್ದರಿಂದ ಇಲ್ಲಿ ಬೇಕಾದ್ದು 2.576: ನಿಫ್ಟಿ 495 ಪಾಯಿಂಟ್ ಆಚೀಚೆ ಹೋಗುವುದು. ನಾಳೆ ಹಾಗಾದರೆ, 4 ದಿನ ಉಳಿದಿರುವ ಆ ಸ್ಟ್ರಾಡಲ್ ಬೆಲೆ ಸುಮಾರು 530. ನಷ್ಟ ಸುಮಾರು 188 ಪಾಯಿಂಟ್, ಇದೇ ನಿಜವಾದ 99% ವ್ಯಾರ್. ಸೂತ್ರ ಹೇಳಿದ್ದು ಸೊನ್ನೆ. ನಿಫ್ಟಿ 4% ಬಿದ್ದರೆ ನಷ್ಟ 618 ಪಾಯಿಂಟ್‌ನ ಆಸುಪಾಸು, ಇದೂ ಆಪ್ಷನ್ ಒಳಗಿನ ಏರಿಳಿತದ ದರ ಬದಲಾಗದೆ ಇದ್ದರೆ ಮಾತ್ರ. ಅಂಥ ದಿನ ಅದು ಬದಲಾಗದೆ ಇರುವುದಿಲ್ಲ.

ಆ ಬಾಗನ್ನು ಅಳೆಯುವ ಗಾಮಾ ಸೇರಿಸಿ ಸರಿಮಾಡಬಹುದಲ್ಲ ಎಂದರೆ, ಅದು ಸಣ್ಣ ಚಲನೆಗೆ ಸರಿ. ಅದೇ 4%ಗೆ ಗಾಮಾ ಲೆಕ್ಕ 850 ಪಾಯಿಂಟ್ ಮೀರಿದ ನಷ್ಟ ತೋರಿಸುತ್ತದೆ, ಏಕೆಂದರೆ ಬೆಲೆ ದೂರ ಹೋದಂತೆ ಆಪ್ಷನ್ನಿನ ಬಾಗು ಕಮ್ಮಿಯಾಗುವುದು ಅದಕ್ಕೆ ಗೊತ್ತಿಲ್ಲ. ಆಪ್ಷನ್ ಮಾರುವವರು ಸೂತ್ರ ಬಿಟ್ಟು, ನಿಫ್ಟಿಯ ಹತ್ತಿಪ್ಪತ್ತು ಮಟ್ಟಗಳಲ್ಲಿ ಪ್ರತಿ ಆಪ್ಷನ್ನಿಗೂ ಹೊಸದಾಗಿ ಬೆಲೆ ಕಟ್ಟಿ ನೋಡುವುದೇ ದಾರಿ.

## ಪರೀಕ್ಷೆ ಮತ್ತು ಪರ್ಯಾಯ

ನನ್ನ ವ್ಯಾರ್ ಸರಿಯಾಗಿದೆಯಾ ಅಂತ ಹೇಗೆ ಗೊತ್ತಾಗುತ್ತೆ?

ನಿನ್ನೆ ಸಂಜೆಯ ಹೂಡಿಕೆಗಳನ್ನು ಕದಲಿಸದೆ ಇಟ್ಟಿದ್ದರೆ ಇವತ್ತು ಎಷ್ಟು ನಷ್ಟವಾಗುತ್ತಿತ್ತು ಎಂದು ಪ್ರತಿದಿನ ಲೆಕ್ಕ ಹಾಕಿ, ನಿನ್ನೆಯ ವ್ಯಾರ್ ಜೊತೆ ಹೋಲಿಸಿ. ದಿನದ ನಡುವೆ ಮಾಡಿದ ವಹಿವಾಟನ್ನು ಬೆರೆಸಬೇಡಿ. ಅದು ನಿಮ್ಮ ಚಾಕಚಕ್ಯತೆಯ ಪರೀಕ್ಷೆ, ಮಾದರಿಯದ್ದಲ್ಲ. ಬ್ಯಾಂಕುಗಳಿಗೆ ಬಾಸೆಲ್ ಸಮಿತಿ 1996ರಲ್ಲಿ ತಂದ ಅಳತೆ ಸರಳ: 250 ದಿನದಲ್ಲಿ 99% ಗೆರೆಯನ್ನು 4 ಸಲದವರೆಗೆ ದಾಟಿದರೆ ಹಸಿರು, 5ರಿಂದ 9 ಹಳದಿ, 10 ಅಥವಾ ಹೆಚ್ಚಾದರೆ ಕೆಂಪು. ಸರಿಯಾದ ಮಾದರಿಯೂ ಬರೀ ದುರದೃಷ್ಟದಿಂದ ಹಳದಿಗೆ ಬೀಳುವ ಸಂಭವ ಸುಮಾರು 11% ಇದೆ, ಆದ್ದರಿಂದ 5 ಕಂಡ ಕೂಡಲೇ ಎಲ್ಲ ಕಿತ್ತೆಸೆಯಬೇಡಿ.

ಎಣಿಕೆಗಿಂತ ದಿನಾಂಕಗಳನ್ನು ನೋಡುವುದು ಹೆಚ್ಚು ಕಲಿಸುತ್ತದೆ. ದಾಟಿದ ದಿನಗಳು ವರ್ಷದುದ್ದ ಚದುರಿದ್ದರೆ ಗುಣಕ ಸಣ್ಣದಿರಬಹುದು. ಮೂರು ನಾಲ್ಕು ದಾಟುವಿಕೆ ಒಂದೇ ಹದಿನೈದು ದಿನದಲ್ಲಿ ಗುಂಪಾಗಿದ್ದರೆ ಸಿಗ್ಮಾ ನಿಧಾನ. ಒಂದೇ ಸಲ ದಾಟಿ ನಷ್ಟ ಮಾತ್ರ ವ್ಯಾರ್‌ನ ಐದು ಪಟ್ಟು ಇದ್ದರೆ ಎಲ್ಲೋ ಮಾರಿದ ಆಪ್ಷನ್ ಅಡಗಿದೆಯಾ ಹುಡುಕಿ.

ಈಗ ಎಲ್ಲರೂ ಎಕ್ಸ್‌ಪೆಕ್ಟೆಡ್ ಶಾರ್ಟ್‌ಫಾಲ್ ಅಂತಾರಲ್ಲ. ಅದಕ್ಕೆ ಬದಲಾದರೆ ಸಮಸ್ಯೆ ಮುಗೀತಾ?

ಎಕ್ಸ್‌ಪೆಕ್ಟೆಡ್ ಶಾರ್ಟ್‌ಫಾಲ್ ಎಂದರೆ ಗೆರೆ ದಾಟಿದ ದಿನಗಳ ಸರಾಸರಿ ನಷ್ಟ. ಬಾಸೆಲ್ ನಿಯಮಗಳು ಮಾರುಕಟ್ಟೆ ಅಪಾಯಕ್ಕೆ 99% ವ್ಯಾರ್ ಬಿಟ್ಟು 97.5%ರ ಈ ಅಳತೆಗೆ ಬಂದಿವೆ. ಆದರೆ ಗಂಟೆಯಾಕಾರವನ್ನೇ ಇಟ್ಟುಕೊಂಡು ಅಳತೆ ಮಾತ್ರ ಬದಲಿಸಿದರೆ ಹೊಸದೇನೂ ಸಿಗುವುದಿಲ್ಲ: 97.5% ಶಾರ್ಟ್‌ಫಾಲ್ 2.338 ಸಿಗ್ಮಾ, 99% ವ್ಯಾರ್ 2.326 ಸಿಗ್ಮಾ. ಒಂದೇ ಸಿಗ್ಮಾವನ್ನು ಬೇರೆ ಸಂಖ್ಯೆಯಿಂದ ಗುಣಿಸಿದಂತಷ್ಟೇ.

ವ್ಯತ್ಯಾಸ ಕಾಣುವುದು ತುದಿಯ ಆಕಾರ ಬದಲಿಸಿದಾಗ. 99%ಗೆ ಗಂಟೆಯ ಪ್ರಕಾರ ಶಾರ್ಟ್‌ಫಾಲ್ 2.67 ಸಿಗ್ಮಾ, ಮೇಲೆ ಹೇಳಿದ ಟಿ ವಿತರಣೆಯಲ್ಲಿ 3.69. ನಮ್ಮ 1 ಕೋಟಿಗೆ ಅದು 2.61 ಲಕ್ಷ ಮತ್ತು 3.61 ಲಕ್ಷ. ಮಾರಿದ ಸ್ಟ್ರಾಡಲ್‌ಗೆ ಮಾತ್ರ ಡೆಲ್ಟಾ ಮೇಲಿನ ಶಾರ್ಟ್‌ಫಾಲ್ ಕೂಡ ಸೊನ್ನೆಯೇ.